ಶುಕ್ರವಾರ ಮಧ್ಯಾಹ್ನ 1 ಗಂಟೆಯ ಗಡುವು

ಮಂಗಳೂರಿನ ಒಂದು ಕುಟುಂಬ ಸಕಲೇಶಪುರದ ಹತ್ತಿರ, ಕಾಫಿ ತೋಟದ ನಡುವಿನ ಮನೆಯೊಂದನ್ನು ಮೂರು ರಾತ್ರಿಗೆ ಆ್ಯಪ್‌ನಲ್ಲಿ ಬುಕ್ ಮಾಡಿದೆ ಎಂದಿಟ್ಟುಕೊಳ್ಳಿ. ಜುಲೈ 18, ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಚೆಕ್-ಇನ್. ರಾತ್ರಿಗೆ 6,000 ರೂಪಾಯಿಯಂತೆ ಬಾಡಿಗೆ 18,000. ಮನೆ ಸ್ವಚ್ಛ ಮಾಡುವ ಖರ್ಚು 1,000, ಆ್ಯಪ್‌ನವರ ಸೇವಾ ಶುಲ್ಕ 2,600. ತೆರಿಗೆಯನ್ನು ಸದ್ಯಕ್ಕೆ ಬಿಡೋಣ. ಒಟ್ಟು 21,600 ರೂಪಾಯಿ. ಇದರ ಜೊತೆಗೆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲುಗಳಿವೆ. ಒಂದು: ಚೆಕ್-ಇನ್‌ಗೆ ಏಳು ದಿನ ಮುಂಚೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್, ಆಮೇಲೆ 48 ಗಂಟೆ ಉಳಿದಿರುವವರೆಗೆ ಬಾಡಿಗೆಯ ಅರ್ಧ, ಅನಂತರ ಏನೂ ಇಲ್ಲ. ಇನ್ನೊಂದು: 10,000 ರೂಪಾಯಿ ಭದ್ರತಾ ಮೊತ್ತವನ್ನು ಕಾರ್ಡ್‌ನಲ್ಲಿ ತಡೆಹಿಡಿಯಲಾಗುತ್ತದೆ.

ಏಳು ದಿನ ಮುಂಚೆ ಎಂದರೆ ಜುಲೈ 11 ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ 11ನೇ ತಾರೀಖು ಎಷ್ಟು ಹೊತ್ತಿನವರೆಗೆ? ಅಂದು ಮಧ್ಯರಾತ್ರಿಯವರೆಗೂ ಸಮಯವಿದೆ ಎಂದು ಬಹಳ ಜನ ತಿಳಿಯುತ್ತಾರೆ. ಇಂಥ ಷರತ್ತುಗಳಲ್ಲಿ ದಿನವನ್ನು ಸಾಮಾನ್ಯವಾಗಿ ಚೆಕ್-ಇನ್ ಹೊತ್ತಿನಿಂದ ಹಿಂದಕ್ಕೆ 24 ಗಂಟೆಗಳಂತೆ ಎಣಿಸುತ್ತಾರೆ. ಹಾಗಾಗಿ ಗಡುವು ಮುಗಿಯುವುದು 11ರ ಮಧ್ಯಾಹ್ನ 1 ಗಂಟೆಗೆ. ಕೆಲಸ ಮುಗಿಸಿ ಸಂಜೆ ಮನೆಗೆ ಬಂದು ಆರು ಗಂಟೆಗೆ ರದ್ದು ಮಾಡಿದರೆ ಐದು ಗಂಟೆ ತಡವಾಗಿರುತ್ತದೆ. ವಿದೇಶದ ಮನೆಯಾದರೆ ಅಲ್ಲಿನ ಗಡಿಯಾರವೇ ಲೆಕ್ಕ, ನಮ್ಮದಲ್ಲ.

ಆ ಐದು ಗಂಟೆಯ ಬೆಲೆ ಎಷ್ಟು ನೋಡಿ. ಅರ್ಧ ವಾಪಸ್ ಎಂದಾಗ ಕಟ್ಟಿದ 21,600ರಲ್ಲಿ ಅರ್ಧ, 10,800 ಬರುತ್ತದೆ ಎಂದು ಕುಟುಂಬ ಅಂದುಕೊಳ್ಳುತ್ತದೆ. ಷರತ್ತಿನಲ್ಲಿರುವುದು ಬಾಡಿಗೆಯ ಅರ್ಧ, ಅಂದರೆ 9,000. ಯಾರೂ ತಂಗಲಿಲ್ಲವಾದ್ದರಿಂದ ಸ್ವಚ್ಛತೆಯ 1,000 ಪೂರ್ತಿ ಬರಬೇಕು. ಸೇವಾ ಶುಲ್ಕವನ್ನು ಮಾತ್ರ ಪೂರ್ತಿ ವಾಪಸಿನ ಗಡುವು ದಾಟಿದ ಮೇಲೆ ಅನೇಕ ಆ್ಯಪ್‌ಗಳು ಕೊಡುವುದಿಲ್ಲ. ಕೈಗೆ ಬರುವುದು 10,000, ಹೋಗುವುದು 11,600. ದುಡ್ಡು ಕಟ್ಟುವ ಮೊದಲೇ ಗಡುವಿನ ದಿನ ಮತ್ತು ಗಂಟೆಯನ್ನು ಕ್ಯಾಲೆಂಡರ್‌ನಲ್ಲಿ ಬರೆದಿಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಫೋನಿನಲ್ಲಿ ಮಾಲೀಕರಿಗೆ ‘ಬರ್ತಾ ಇಲ್ಲ’ ಎಂದು ಹೇಳಿದ್ದು ರದ್ದತಿ ಆಗುವುದಿಲ್ಲ. ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ರದ್ದತಿಯ ಬಟನ್ ಒತ್ತಿದ ಕ್ಷಣವೇ ಲೆಕ್ಕಕ್ಕೆ ಸಿಗುವುದು. ಇನ್ನೊಂದು ತೊಡಕು ದಿನ ಬದಲಿಸುವುದರಲ್ಲಿದೆ. ಮುಂದಿನ ತಿಂಗಳಿಗೆ ಹಾಕಿಕೊಡಿ ಎಂದು ಕೇಳಿದರೆ ಒಳ್ಳೆಯ ಮಾಲೀಕರು ಒಪ್ಪುತ್ತಾರೆ. ಆದರೆ ಬದಲಾಯಿಸಿದ ಬುಕಿಂಗಿಗೆ ಹಣ ವಾಪಸ್ ಇಲ್ಲ ಎಂಬ ಷರತ್ತು ಎಷ್ಟೋ ಕಡೆ ಇರುತ್ತದೆ. ‘ಹೊಸ ದಿನಕ್ಕೂ ಹಳೆಯ ರದ್ದತಿ ನಿಯಮವೇ ಅನ್ವಯಿಸುತ್ತದಾ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದ ಮೇಲೆಯೇ ಒಪ್ಪಿಕೊಳ್ಳಿ.

ಈಗ ಮಳೆಯ ವಿಷಯ. ಜುಲೈ ತಿಂಗಳಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿಯುವುದು ನಮಗೆ ಹೊಸದಲ್ಲ. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಬಳಿ ಮಣ್ಣು ಜಾರಿ ಹೆದ್ದಾರಿ ಬಂದ್ ಆಗಿತ್ತು. ಹಾಗೆ ರಸ್ತೆ ಮುಚ್ಚಿದಾಗ ಕುಟುಂಬ ಫೋನ್ ಮಾಡಿದರೆ ಮಾಲೀಕರು ಏನನ್ನುತ್ತಾರೆ? ‘ಮನೆ ತೆರೆದೇ ಇದೆ ಸಾರ್, ಚಾರ್ಮಾಡಿ ಮೇಲೆ ಕೊಟ್ಟಿಗೆಹಾರ, ಮೂಡಿಗೆರೆ ಹಿಡಿದು ಬನ್ನಿ.’ ಕೇಳುವವರಿಗೆ ಇದು ಕಟುವಾಗಿ ತೋರಬಹುದು. ಆದರೆ ಸಾಮಾನ್ಯ ಷರತ್ತುಗಳ ಪ್ರಕಾರ ಅವರ ಮಾತು ತಪ್ಪಲ್ಲ. ಮನೆ ಕೊಡಲು ಅವರು ಸಿದ್ಧರಿದ್ದಾರೆ, ಇನ್ನೊಂದು ದಾರಿಯೂ ಇದೆ. ಬರದಿರುವುದು ಅತಿಥಿಯ ತೀರ್ಮಾನ ಎಂದೇ ಎಣಿಕೆ. ಜಿಲ್ಲಾಡಳಿತವೇ ಪ್ರವಾಸಿಗರನ್ನು ತಡೆದರೆ ಮಾತು ಬೇರೆ. 2018ರ ಆಗಸ್ಟ್‌ನ ಭೂಕುಸಿತದ ನಂತರ ಕೊಡಗಿನಲ್ಲಿ ಹಾಗೆ ಪ್ರವಾಸಿಗರಿಗೆ ನಿರ್ಬಂಧ ಹಾಕಿದ್ದರು. ಆಗ ಮಾಲೀಕರಿಗೇ ಮನೆ ಕೊಡಲು ಆಗುವುದಿಲ್ಲ. ತಾವು ಕೊಡಲಾಗದ ಸೇವೆಯ ಹಣವನ್ನು ಇಟ್ಟುಕೊಳ್ಳುವುದಕ್ಕೆ ಅವರಿಗೆ ಬಲವಾದ ಆಧಾರ ಉಳಿಯುವುದಿಲ್ಲ. ಮಳೆಗಾಲದ ಬುಕಿಂಗಿನಲ್ಲಿ ‘ಅನಿವಾರ್ಯ ಸಂದರ್ಭ’ ಎಂಬ ಷರತ್ತನ್ನು ಹುಡುಕಿ ಓದಬೇಕು. ರಸ್ತೆ ಬಂದ್ ಆಗುವುದು ಅದರಲ್ಲಿ ಸೇರಿದೆಯೇ, ಸರ್ಕಾರಿ ಆದೇಶ ಮಾತ್ರವೇ ಎಂಬುದರ ಮೇಲೆ 18,000 ನಿಂತಿರುತ್ತದೆ.

ಇನ್ನು ಆ ಹತ್ತು ಸಾವಿರ. ಇದಕ್ಕೂ ರದ್ದತಿಗೂ ಸಂಬಂಧವಿಲ್ಲ. ಸಾಮಾನ್ಯವಾಗಿ ಚೆಕ್-ಇನ್ ಹತ್ತಿರ ಬಂದಾಗ ಇದನ್ನು ತಡೆಹಿಡಿಯುತ್ತಾರೆ. ಐಪಿಒ ಷೇರಿಗೆ ಅರ್ಜಿ ಹಾಕಿದವರಿಗೆ ಇದರ ರೀತಿ ಗೊತ್ತಿರುತ್ತದೆ: ಹಣ ನಿಮ್ಮ ಖಾತೆಯಲ್ಲೇ ಇರುತ್ತದೆ, ಆದರೆ ಮುಟ್ಟುವ ಹಾಗಿಲ್ಲ. ಕ್ರೆಡಿಟ್ ಕಾರ್ಡ್ ಆದರೆ ದುಡ್ಡು ಎಲ್ಲಿಗೂ ಹೋಗಿರುವುದಿಲ್ಲ. 50,000 ಮಿತಿಯಲ್ಲಿ 40,000 ಮಾತ್ರ ಬಳಸಲು ಸಿಗುತ್ತದೆ, ಅಷ್ಟೇ. ಬ್ಯಾಂಕಿನ ಸಂದೇಶ ಮಾತ್ರ ಖರ್ಚಾದಂತೆಯೇ ಕಾಣುವುದರಿಂದ ಜನ ಗಾಬರಿಯಾಗುತ್ತಾರೆ. ಡೆಬಿಟ್ ಕಾರ್ಡ್ ಆದರೆ ಕಷ್ಟ ನಿಜವಾದದ್ದು. ಖಾತೆಯ ಉಳಿಕೆಯಲ್ಲೇ ಹತ್ತು ಸಾವಿರ ಬಂಧಿಯಾಗುತ್ತದೆ. ಆ ವಾರ ಸಾಲದ ಕಂತು ಇದ್ದರೆ ಅದು ಬೌನ್ಸ್ ಆಗಿ ದಂಡ ಬೀಳಬಹುದು. ಇಂಥ ಹೋಲ್ಡ್‌ಗೆ ಕ್ರೆಡಿಟ್ ಕಾರ್ಡನ್ನೇ ಕೊಡಿ, ಇಲ್ಲದಿದ್ದರೆ ಬೇರೆ ವ್ಯವಸ್ಥೆ ಕೇಳಿ.

ಆನ್‌ಲೈನ್‌ನಲ್ಲಿ ಹೋಲ್ಡ್‌ಗೆ ಒಪ್ಪಿ ಒಟಿಪಿ ಹಾಕಿದ ಮೇಲೆ, ಅಷ್ಟರೊಳಗಿನ ಮೊತ್ತವನ್ನು ಕಡಿಯಲು ಮತ್ತೆ ಒಟಿಪಿ ಬರುವುದಿಲ್ಲ. ಆದ್ದರಿಂದ ಯಾವ ಯಾವ ಕಾರಣಕ್ಕೆ ಕಡಿಯಬಹುದು ಎಂಬುದನ್ನು ಮೊದಲೇ ಓದಿ. ಒಡೆದ ಗಾಜು, ಕೆಟ್ಟ ಗೀಸರ್ ಮಾತ್ರವಲ್ಲ, ಹೇಳದೆ ಕರೆತಂದ ಹೆಚ್ಚುವರಿ ಜನ, ತಡವಾಗಿ ಮನೆ ಬಿಟ್ಟದ್ದು, ಕಳೆದ ಕೀ, ಇವೂ ಆ ಪಟ್ಟಿಯಲ್ಲಿರಬಹುದು.

ನಮ್ಮ ಮಲೆನಾಡಿನ ಸಣ್ಣ ಹೋಂಸ್ಟೇಗಳಲ್ಲಿ ಎಷ್ಟೋ ಸಲ ಹೋಲ್ಡ್ ಎಂಬುದೇ ಇರುವುದಿಲ್ಲ. ‘ಡೆಪಾಸಿಟ್ ಐದು ಸಾವಿರ ಗೂಗಲ್ ಪೇ ಮಾಡಿ’ ಎನ್ನುತ್ತಾರೆ. ಹಾಗೆ ಕಳಿಸಿದ್ದು ಮಾಲೀಕರ ಖಾತೆಗೆ ಸೇರಿದ ಹಣ, ಹಿಂದೆ ಬರುವುದು ಅವರು ಕಳಿಸಿದರೆ ಮಾತ್ರ. ಬಾಡಿಗೆಯ ಜೊತೆ ಸೇರಿಸದೆ ಬೇರೆಯಾಗಿ ಕಳಿಸಿ, ‘ವಾಪಸ್ ಬರಬೇಕಾದ ಠೇವಣಿ’ ಎಂದು ನಮೂದಿಸಿ, ಯಾವ ದಿನದೊಳಗೆ ಹಿಂದಿರುಗಿಸುತ್ತಾರೆ ಎಂಬುದನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಮನೆಗೆ ಕಾಲಿಟ್ಟ ಕೂಡಲೇ, ಬ್ಯಾಗ್ ಬಿಚ್ಚುವ ಮೊದಲು, ಮೊಬೈಲ್‌ನಲ್ಲಿ ಎಲ್ಲ ಕೋಣೆಗಳ ವಿಡಿಯೊ ಮಾಡಿ. ಟಿವಿ ಪರದೆ, ಹಾಸಿಗೆ, ಬಚ್ಚಲುಮನೆಯ ನಲ್ಲಿ ಹತ್ತಿರದಿಂದ ಕಾಣಲಿ. ಮೊದಲೇ ಬಿರುಕಿದ್ದ ವಾಶ್‌ಬೇಸಿನ್ ಕಂಡರೆ ಫೋಟೊವನ್ನು ಆಗಲೇ ಮಾಲೀಕರಿಗೆ ಕಳಿಸಿ. ಹೊರಡುವಾಗ ಇದೇ ಕೆಲಸ ಇನ್ನೊಮ್ಮೆ. ಆಮೇಲೆ ವಾಶ್‌ಬೇಸಿನ್‌ಗೆಂದು 6,000 ಕೇಳಿದರೆ ಹಾನಿಯ ಫೋಟೊ ಮತ್ತು ರಿಪೇರಿ ಬಿಲ್ ತೋರಿಸಿ ಎನ್ನಬಹುದು. ಹಳೆಯ ವಸ್ತುವಿಗೆ ಹೊಸದರ ಪೂರ್ತಿ ಬೆಲೆ ಕೇಳಿದರೆ ಅದನ್ನೂ ಪ್ರಶ್ನಿಸಬಹುದು.

ಕಾನೂನು ಇಲ್ಲಿ ಸುಮ್ಮನಿಲ್ಲ. 1872ರ ಗುತ್ತಿಗೆ ಕಾಯ್ದೆಯ 74ನೇ ಕಲಮಿನಂತೆ, ಒಪ್ಪಂದದಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗುವುದು ಅದರ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇನ್ನೂ ಮುಂದೆ ಹೋಗುತ್ತದೆ. ವಿಪರೀತ ಭದ್ರತಾ ಠೇವಣಿ ಕೇಳುವುದನ್ನೂ, ಆದ ನಷ್ಟಕ್ಕೆ ತಾಳೆಯಾಗದ ದಂಡ ಹಾಕುವುದನ್ನೂ ಅದು ಅನ್ಯಾಯದ ಒಪ್ಪಂದದ ಲಕ್ಷಣಗಳಲ್ಲಿ ಹೆಸರಿಸಿದೆ. ಅಂಥ ಷರತ್ತನ್ನೇ ಪ್ರಶ್ನಿಸುವ ದೂರು ರಾಜ್ಯ ಆಯೋಗಕ್ಕೆ ಹೋಗಬೇಕು. ಸೇವೆಯ ಕೊರತೆಯ ದೂರಿಗೆ ಜಿಲ್ಲಾ ಆಯೋಗ ಸಾಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಎಲ್ಲವೂ ಸರಿಯಾಗಿ ನಡೆದರೆ ಜುಲೈ 21, ಸೋಮವಾರ ಕುಟುಂಬ ಮನೆ ಬಿಡುತ್ತದೆ, ಮಾಲೀಕರು ಹೋಲ್ಡ್ ಬಿಡಿಸುತ್ತಾರೆ. ಬ್ಯಾಂಕಿನಲ್ಲಿ ಅದು ಕಾಣಲು ಕೆಲವು ದಿನ ಹಿಡಿಯಬಹುದು. ಕಡಿಯದೇ ಇದ್ದ ಹೋಲ್ಡ್ ಬಿಟ್ಟುಹೋದಾಗ ಹಣ ಜಮೆಯಾದ ಸಂದೇಶ ಬಾರದೆಯೂ ಇರಬಹುದು, ಏಕೆಂದರೆ ಹಣ ಹೊರಗೆ ಹೋಗಿರಲೇ ಇಲ್ಲ. ಕಾರ್ಡಿನ ಲಭ್ಯ ಮಿತಿ 40,000ದಿಂದ ಮತ್ತೆ 50,000ಕ್ಕೆ ಏರಿದೆಯೇ ಎಂದು ನೋಡಬೇಕು. ಏರಿಲ್ಲದಿದ್ದರೆ ಹೋಲ್ಡ್ ಬಿಟ್ಟ ದಿನಾಂಕ ಮತ್ತು ವ್ಯವಹಾರದ ಸಂಖ್ಯೆಯನ್ನು ಮಾಲೀಕರಿಂದ ಅಥವಾ ಆ್ಯಪ್‌ನವರಿಂದ ಬರೆಸಿಕೊಂಡು ಬ್ಯಾಂಕಿಗೆ ಕೊಡಬೇಕು.