ಎರಡು ಡಬ್ಬಿ, ಒಂದೇ 20 ಗ್ರಾಂ

ವೇ ಡಬ್ಬಿಯ ಲೇಬಲ್‌ನಲ್ಲಿ ಪ್ರೋಟೀನ್ 20 ಗ್ರಾಂ. ಕೊಲಾಜೆನ್ ಡಬ್ಬಿಯಲ್ಲೂ ಅಷ್ಟೇ. ಲೇಬಲ್ ಸುಳ್ಳು ಹೇಳುತ್ತಿಲ್ಲ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಅಳೆಯುವುದು ನೈಟ್ರೋಜನ್ ಮಾತ್ರ. ಅದು ಯಾವ ಅಮೈನೋ ಆಮ್ಲದ್ದು ಎಂಬ ವಿಚಾರಣೆ ಅಲ್ಲಿಲ್ಲ.

ಕೊಲಾಜೆನ್ ಸಿಗುವುದು ದನ, ಹಂದಿ, ಮೀನುಗಳ ಚರ್ಮ ಮತ್ತು ಮೂಳೆಯಿಂದ. ಬೇಯಿಸಿ ತೆಗೆದರೆ ಜೆಲಾಟಿನ್. ಕಿಣ್ವ ಹಾಕಿ ಇನ್ನೂ ಸಣ್ಣದಾಗಿ ಒಡೆದರೆ ತಣ್ಣೀರಲ್ಲೂ ಕರಗುವ ದುಬಾರಿ ಪುಡಿ. ಎರಡರೊಳಗೂ ಸರಕು ಒಂದೇ: ಅಮೈನೋ ಆಮ್ಲಗಳ ಪೈಕಿ ಸುಮಾರು ಮೂರರಲ್ಲೊಂದು ಗ್ಲೈಸೀನ್, ಜೊತೆಗೆ ಧಾರಾಳ ಪ್ರೋಲೀನ್. ಇವನ್ನು ದೇಹ ತಾನೇ ತಯಾರಿಸಿಕೊಳ್ಳಬಲ್ಲದು. ಆಹಾರದಿಂದಲೇ ಬರಬೇಕಾದ ಟ್ರಿಪ್ಟೊಫ್ಯಾನ್ ಮಾತ್ರ ಇದರಲ್ಲಿ ಇಲ್ಲವೇ ಇಲ್ಲ.

ಜೆಲಾಟಿನ್ ಒಂದೇ ಸಾಲದು ಎಂಬುದು ಹಳೆಯ ಪಾಠ. ಹತ್ತೊಂಬತ್ತನೇ ಶತಮಾನದ ಪ್ಯಾರಿಸ್‌ನಲ್ಲಿ ಬಡವರಿಗೆ, ರೋಗಿಗಳಿಗೆ ಮೂಳೆಯ ಜೆಲಾಟಿನ್ ಸಾರು ಬಡಿಸುತ್ತಿದ್ದರು. ಅಗ್ಗದ ಪೋಷಣೆ ಎಂಬ ಲೆಕ್ಕ! ನಾಯಿಗಳ ಮೇಲೆ ಪ್ರಯೋಗ ನಡೆಸಿದ, ಶರೀರವಿಜ್ಞಾನಿ ಮಜಾಂಡಿಯ ಸಮಿತಿ, ಜೆಲಾಟಿನ್ ಒಂದರಿಂದಲೇ ಜೀವ ಉಳಿಯದೆಂದು 1841ರಲ್ಲಿ ವರದಿ ಕೊಟ್ಟಿತು.

ಕೊರತೆ ಟ್ರಿಪ್ಟೊಫ್ಯಾನ್ ಒಂದರದ್ದೇ ಅಲ್ಲ. ಸ್ನಾಯು ಕಟ್ಟಲು ಚಾಲನೆ ಕೊಡುವ ಅಮೈನೋ ಆಮ್ಲ ಲ್ಯೂಸೀನ್. 20 ಗ್ರಾಂ ವೇ ಪ್ರೋಟೀನ್‌ನಲ್ಲಿ ಅದು ಸುಮಾರು 2 ಗ್ರಾಂ. ಕೊಲಾಜೆನ್‌ನಲ್ಲಿ ಅರ್ಧ ಗ್ರಾಂನ ಆಸುಪಾಸು.

ಬೇಳೆ, ಹಾಲು, ಮೊಟ್ಟೆ ಸಾಕಷ್ಟು ತಿನ್ನುವವರಿಗೆ ಟ್ರಿಪ್ಟೊಫ್ಯಾನ್ ಅಲ್ಲಿಂದಲೇ ಸಿಗುತ್ತದೆ, ಕೊಲಾಜೆನ್ ಕುಡಿದರೆ ತೊಂದರೆಯಿಲ್ಲ. ಆದರೆ ಜಿಮ್ ಮುಗಿಸಿ ವೇ ಬದಲು ಅದನ್ನೇ ಕಲಸಿಕೊಂಡರೆ, ಆ 20 ಗ್ರಾಂ ಸ್ನಾಯುವಿನ ಲೆಕ್ಕಕ್ಕೆ ಹೆಚ್ಚು ಬರುವುದಿಲ್ಲ.