ಮಾರ್ಚ್ ತಿಂಗಳು ಯಾಕೆ ಕೈಕೊಟ್ಟಿತು?

ಮುಂದಿನ ವರ್ಷ ಎಷ್ಟು ಟಿಕೆಟ್ ಖರ್ಚಾಗಬಹುದು? ಬಾಕ್ಸ್ ಮತ್ತು ಜೆಂಕಿನ್ಸ್ ತಮ್ಮ 1970ರ ಪುಸ್ತಕದಿಂದ ಪ್ರಸಿದ್ಧಗೊಳಿಸಿದ ಪಟ್ಟಿಯೊಂದಿದೆ. 1949ರಿಂದ 1960ರವರೆಗೆ ಪ್ರತಿ ತಿಂಗಳು ಎಷ್ಟು ಸಾವಿರ ಜನ ಅಂತರರಾಷ್ಟ್ರೀಯ ವಿಮಾನ ಹತ್ತಿದರು ಎಂಬ ಲೆಕ್ಕ ಅದು. 1959ರವರೆಗಿನದನ್ನು ಮಾತ್ರ ನೋಡಿ 1960ನ್ನು ಊಹಿಸೋಣ. ಉತ್ತರ ಕೈಯಲ್ಲೇ ಇರುವುದರಿಂದ ಊಹೆಯ ತಪ್ಪನ್ನು ಅಳೆಯಬಹುದು.

ಸರಳ ಎಕ್ಸ್‌ಪೊನೆನ್ಷಿಯಲ್ ಸ್ಮೂದಿಂಗ್ ಮಾಡುವುದು ಇಷ್ಟೇ: ಹಳೆಯ ಅಂದಾಜಿಗೆ ತಪ್ಪಿನ ಒಂದು ಪಾಲು ಸೇರಿಸುವುದು. ಅಂದಾಜು 100, ಮಾರಾಟ 120, ಪಾಲು 0.3 ಎಂದರೆ ಹೊಸ ಅಂದಾಜು 106. ಪಾಲನ್ನು 1ಕ್ಕೆ ಏರಿಸಿದರೆ ಕೊನೆಯ ತಿಂಗಳ ಅಂಕಿಯೇ, ಅಂದರೆ 1959ರ ಡಿಸೆಂಬರಿನ 405, ಮುಂದಿನ ಹನ್ನೆರಡು ತಿಂಗಳಿಗೂ ಅಂದಾಜಾಗಿ ನಿಲ್ಲುತ್ತದೆ. ಸರಾಸರಿ ತಪ್ಪು 76. ತಪ್ಪುಗಳನ್ನು ವರ್ಗ ಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ 103. ಈ ಎರಡನೆಯ ಅಳತೆ ದೊಡ್ಡ ತಪ್ಪನ್ನು ಕಂಡರೆ ಕೆರಳುತ್ತದೆ. ಜುಲೈ ಒಂದರಲ್ಲೇ ನಾವು 217 ತಪ್ಪಿದ್ದೆವು.

ಅದರ ಬದಲು ಹೋದ ವರ್ಷದ ಅದೇ ತಿಂಗಳನ್ನೇ ನಕಲು ಮಾಡಿದರೆ? ಅಳತೆಗಳು 48 ಮತ್ತು 51. ಎರಡೂ ಇಷ್ಟು ಹತ್ತಿರ ಬಂದರೆ ತಪ್ಪುಗಳೆಲ್ಲ ಹೆಚ್ಚುಕಡಿಮೆ ಒಂದೇ ಗಾತ್ರದವು ಎಂದರ್ಥ. ಬಿಡಿಸಿ ನೋಡಿದರೆ ಹನ್ನೆರಡು ತಿಂಗಳೂ ಅಂದಾಜು ಕಡಿಮೆಯೇ ಆಗಿದೆ. ಋತು ಸಿಕ್ಕಿತು, ಬೆಳವಣಿಗೆ ಸಿಗಲಿಲ್ಲ. 1958ರಿಂದ 1959ಕ್ಕೆ ಆದ ಸುಮಾರು 12.4% ಏರಿಕೆಯನ್ನು ಸೇರಿಸಿದೊಡನೆ ತಪ್ಪು 13ಕ್ಕೆ ಇಳಿಯುತ್ತದೆ; ಇನ್ನೊಂದು ಅಳತೆ 17.

ಮಟ್ಟ, ಏರಿಕೆ, ಋತು ಮೂರನ್ನೂ ಒಟ್ಟಿಗೆ ನವೀಕರಿಸುವ ಹೋಲ್ಟ್–ವಿಂಟರ್ಸ್ ವಿಧಾನದ ಒಂದು ರೂಪ ಎಕ್ಸೆಲ್‌ನಲ್ಲೇ ಇದೆ:

```
=FORECAST.ETS(A134,$B$2:$B$133,$A$2:$A$133,12)
```

ಕೊನೆಯ 12 ಋತುವಿನ ಉದ್ದ. ಇಲ್ಲೊಂದು ಎಡವಟ್ಟು ಇದೆ: ಈ ಫಂಕ್ಷನ್ ಋತುವನ್ನು ಕೂಡಿಸುತ್ತದೆ, ಗುಣಿಸುವುದಿಲ್ಲ. ಜುಲೈ–ನವೆಂಬರ್ ಅಂತರ 1949ರಲ್ಲಿ 44 ಇದ್ದದ್ದು 1960ಕ್ಕೆ 232 ಆಗಿದೆ. ಹಾಗಾಗಿ ಮೊದಲು `LN` ತೆಗೆದು, ಅಂದಾಜು ಬಂದ ಮೇಲೆ `EXP` ಹಾಕುವುದು ವಾಸಿ. `FORECAST.ETS.STAT` ಕೊಡುವ ತಪ್ಪಿನ ಅಂಕಿ ಹಳೆಯ ದತ್ತಾಂಶಕ್ಕೆ ಹೊಂದಿಸಿ ಬಂದದ್ದು. ವಿಧಾನಗಳನ್ನು ಹೋಲಿಸಲು ಅದನ್ನು ನಂಬಬೇಡಿ, ಬದಿಗಿಟ್ಟ ವರ್ಷದ ಮೇಲೇ ಅಳೆಯಿರಿ.

ಶೇಕಡಾ ಏರಿಕೆಯ ಅಂದಾಜಿನಲ್ಲೂ ಒಂದು ತಿಂಗಳು ಕೈಕೊಟ್ಟಿತು. ಮಾರ್ಚ್‌ಗೆ 456 ಎಂದಿದ್ದೆವು, ಬಂದದ್ದು 419. ಏಪ್ರಿಲ್‌ಗೆ 445 ಎಂದಿದ್ದೆವು, ಬಂದದ್ದು 461. ಕ್ಯಾಲೆಂಡರ್ ತೆರೆದರೆ ಕಾರಣವಿರಬಹುದಾದ ಸುಳಿವು ಸಿಗುತ್ತದೆ: 1959ರಲ್ಲಿ ಈಸ್ಟರ್ ಮಾರ್ಚ್ 29ಕ್ಕೆ, 1960ರಲ್ಲಿ ಏಪ್ರಿಲ್ 17ಕ್ಕೆ. ಎರಡೂ ತಿಂಗಳು ಕೂಡಿಸಿ ಅಳೆದರೆ ತಪ್ಪು 53ರಿಂದ 22ಕ್ಕೆ ಇಳಿಯುತ್ತದೆ. ಅಕ್ಟೋಬರಿಗೂ ನವೆಂಬರಿಗೂ ಓಡಾಡುವ ದೀಪಾವಳಿಗೆ ಸೀರೆ ತರಿಸುವ ಅಂಗಡಿಯವರೂ ಆ ಎರಡು ತಿಂಗಳನ್ನು ಕೂಡಿಸಿಯೇ ಲೆಕ್ಕ ಹಾಕಬೇಕು.