ಕೆಲಸ ಬಿಡುವ ಎಂಜಿನಿಯರ್ ಬರೆದಿಟ್ಟು ಹೋಗಬೇಕಾದ್ದು

ತೋಟದ ಮೋಟಾರಿಗೆ ಮನೆಯಿಂದಲೇ ಮಿಸ್ಡ್ ಕಾಲ್ ಕೊಟ್ಟು ನೀರು ಬಿಡುವ ಮೊಬೈಲ್ ಸ್ಟಾರ್ಟರ್ ಈಗ ನಮ್ಮ ಹಳ್ಳಿಗಳಲ್ಲಿ ಹೊಸದೇನಲ್ಲ. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ ಇರುತ್ತದೆ, ಅದರೊಳಗೆ ಒಂದು ಸಿಮ್ಮು. ಕರೆಂಟು ಬಂದಿದೆಯೇ, ಮೂರೂ ಫೇಸ್ ಸರಿಯಾಗಿವೆಯೇ, ಬೋರಿನಲ್ಲಿ ನೀರಿದೆಯೇ ಎಂದು ನೋಡಿಕೊಂಡು ಮೋಟಾರು ಹಾಕುವ, ತೆಗೆಯುವ ಕೆಲಸ ಅದರದು. ಇದನ್ನೆಲ್ಲ ನಿರ್ಧರಿಸುವುದು ಒಳಗಿರುವ ಉಗುರಿನಷ್ಟು ಗಾತ್ರದ ಒಂದು ಚಿಪ್ಪು. ಆ ಚಿಪ್ಪಿಗೆ ತುಂಬಿಸಿದ ಪ್ರೋಗ್ರಾಮಿಗೆ ಫರ್ಮ್‌ವೇರ್ ಎನ್ನುತ್ತಾರೆ.

ಇಂಥ ಪೆಟ್ಟಿಗೆ ತಯಾರಿಸುವ ಸಣ್ಣ ಕಂಪನಿಗಳಲ್ಲಿ ಫರ್ಮ್‌ವೇರ್ ಬರೆಯುವವರು ಒಬ್ಬರೋ ಇಬ್ಬರೋ. ಅವರಲ್ಲೊಬ್ಬರು ಕೆಲಸ ಬಿಟ್ಟಾಗ ನೋಟಿಸ್ ಪೀರಿಯಡ್ಡಿನ ಕೊನೆಯ ವಾರದಲ್ಲಿ ಮ್ಯಾನೇಜರು ‘ಹ್ಯಾಂಡೋವರ್ ನೋಟ್ ಬರೆದುಕೊಟ್ಟು ಹೋಗಿ’ ಎನ್ನುತ್ತಾರೆ. ಸಾಮಾನ್ಯವಾಗಿ ಸಿಗುವುದು ಎರಡು ಪುಟ: ಕೋಡು ಇಲ್ಲಿದೆ, ಪಾಸ್‌ವರ್ಡು ಇದು, ಶುಭವಾಗಲಿ. ಆದರೆ ಕೋಡು ಹೇಗೂ ಸರ್ವರಿನಲ್ಲಿ ಇರುತ್ತದೆ. ಬರೆದಿಡಬೇಕಾದ್ದು ಕೋಡಿನಲ್ಲಿ ಕಾಣದ ಸಂಗತಿ. ಆ ಕೋಡಿನಿಂದ ಮಾರಾಟವಾದ ಮಾಲನ್ನೇ ಮತ್ತೆ ಹೇಗೆ ತಯಾರಿಸುವುದು, ಅದು ಎಲ್ಲಿ ಕೈಕೊಡುತ್ತದೆ, ಕೈಕೊಡುವುದನ್ನು ಮೇಜಿನ ಮೇಲೆ ಹೇಗೆ ನೋಡುವುದು. ಇಂಥದ್ದೊಂದು ಸ್ಟಾರ್ಟರನ್ನೇ ಉದಾಹರಣೆಗೆ ಇಟ್ಟುಕೊಂಡು ಆ ಟಿಪ್ಪಣಿ ಹೇಗಿರಬೇಕೆಂದು ನೋಡೋಣ.

ಅದೇ ಫೈಲು ಮತ್ತೆ ಬರಬೇಕು

ಎಂಜಿನಿಯರ್ ಬರೆಯುವ ಕೋಡು ಚಿಪ್ಪಿಗೆ ನೇರವಾಗಿ ಅರ್ಥವಾಗುವುದಿಲ್ಲ. ಕಂಪೈಲರ್ ಎಂಬ ತಂತ್ರಾಂಶ ಅದನ್ನು ಚಿಪ್ಪಿನ ಭಾಷೆಗೆ ಇಳಿಸಿ ಒಂದು ಫೈಲು ಮಾಡಿಕೊಡುತ್ತದೆ. ಇದಕ್ಕೆ ಬಿಲ್ಡ್ ಎನ್ನುತ್ತಾರೆ. ಟಿಪ್ಪಣಿಯ ಮೊದಲ ಭಾಗದಲ್ಲಿ ಈ ಹಂತಗಳು ಒಂದಾದ ಮೇಲೊಂದು, ಟೈಪ್ ಮಾಡಬೇಕಾದ ಹಾಗೆಯೇ ಇರಬೇಕು:

```
git checkout v2.3
git submodule update --init --recursive
make clean all
sha256sum build/starter.bin
```

ಮೊದಲ ಸಾಲು ಮಾರುಕಟ್ಟೆಗೆ ಹೋದ ಆವೃತ್ತಿಯನ್ನೇ ತೆಗೆದುಕೊಡುತ್ತದೆ. ಎರಡನೆಯದು ಅದು ನೆಚ್ಚಿಕೊಂಡ ಬೇರೆಯವರ ಕೋಡನ್ನು ತರುತ್ತದೆ. ಮೂರನೆಯದು ಬಿಲ್ಡ್. ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ನಾಲ್ಕನೆಯದು. ಆ ಆಜ್ಞೆ ತಯಾರಾದ ಫೈಲಿನ ಬೆರಳಚ್ಚನ್ನು ತೆಗೆಯುತ್ತದೆ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ. ರೈತರ ಪೆಟ್ಟಿಗೆಗಳಲ್ಲಿರುವ ಫೈಲಿನ ಬೆರಳಚ್ಚನ್ನು ಟಿಪ್ಪಣಿಯಲ್ಲಿ ಕೊಟ್ಟಿದ್ದರೆ, ಹೊಸಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಮಾಡಿ ತಾಳೆ ನೋಡಬಹುದು. ಎರಡೂ ಒಂದೇ ಆದರೆ ಬಿಲ್ಡಿಗೆ ಬೇಕಾದದ್ದೆಲ್ಲ ಕೈಸೇರಿದೆ ಎಂದೇ ಅರ್ಥ.

ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದ್ದು ಕಂಪೈಲರಿನ ಆವೃತ್ತಿಯನ್ನು. ಹೊಸ ಆವೃತ್ತಿ ಅದೇ ಕೋಡಿನಿಂದ ಬೇರೆ ಫೈಲು ಮಾಡಬಹುದು, ಗಾತ್ರವೂ ಬದಲಾಗಬಹುದು. 64 ಕಿಲೋಬೈಟ್ ಜಾಗವಷ್ಟೇ ಇರುವ ಚಿಪ್ಪಿನಲ್ಲಿ ಗಾತ್ರದ ಲೆಕ್ಕ ಸಣ್ಣದಲ್ಲ. ಎರಡನೆಯ ಕಾರಣ ಇನ್ನೂ ಕೀಟಲೆಯದು. ಬಿಲ್ಡ್ ಆದ ದಿನಾಂಕ, ಗಂಟೆಯನ್ನು ಫೈಲಿನೊಳಗೇ ಬರೆದಿಡುವ `__DATE__`, `__TIME__` ಎಂಬ ಸೌಲಭ್ಯವನ್ನು ಕೋಡು ಬಳಸಿದ್ದರೆ, ಇಂದು ಮಾಡಿದ್ದು ನಾಳೆ ಮಾಡಿದ್ದರ ಜೊತೆ ಎಂದೂ ತಾಳೆಯಾಗುವುದಿಲ್ಲ. ಇದು ಒಂದು ಸಾಲಿನಲ್ಲಿ ಬರೆದಿಡುವ ವಿಷಯ. ಬರೆಯದಿದ್ದರೆ ಹೊಸಬರ ಒಂದು ವಾರ ಹಾಳು.

ಫೈಲನ್ನು ಚಿಪ್ಪಿಗೆ ತುಂಬುವ ಹಂತಕ್ಕೂ ಒಂದು ಎಚ್ಚರಿಕೆ ಬೇಕು.

```
st-flash write build/starter.bin 0x08002000
```

ಕೊನೆಯ ಅಂಕೆ ಫೈಲು ಹೋಗಿ ಕೂರಬೇಕಾದ ವಿಳಾಸ. ಇಂಥ ಚಿಪ್ಪುಗಳಲ್ಲಿ ಜಾಗ ಶುರುವಾಗುವುದು `0x08000000`ದಿಂದ. ನಮ್ಮ ಪೆಟ್ಟಿಗೆಯಲ್ಲಿ ಅಲ್ಲಿನ ಮೊದಲ 8 ಕಿಲೋಬೈಟ್, ಚಿಪ್ಪನ್ನು ಎಬ್ಬಿಸುವ ಬೂಟ್‌ಲೋಡರಿನದು. ಇಂಟರ್ನೆಟ್ಟಿನಲ್ಲಿ ಸಿಗುವ ಉದಾಹರಣೆಗಳಲ್ಲಿ ಹೆಚ್ಚಾಗಿ ಮೊದಲ ವಿಳಾಸವೇ ಇರುತ್ತದೆ. ಹೊಸಬರು ಅದನ್ನೇ ಹಾಕಿದರೆ ಬೂಟ್‌ಲೋಡರ್ ಅಳಿಸಿಹೋಗಿ ಪೆಟ್ಟಿಗೆ ಮೂಕವಾಗುತ್ತದೆ. ಇನ್ನೊಂದು ತುದಿಯಲ್ಲಿ, ಕೊನೆಯ ಒಂದು ಕಿಲೋಬೈಟಿನಲ್ಲಿ, ಆ ಪೆಟ್ಟಿಗೆಗಷ್ಟೇ ಸೇರಿದ ಕರೆಂಟ್ ಅಳತೆಯ ತಿದ್ದುಪಡಿ ಮತ್ತು ರೈತರ ಫೋನ್ ನಂಬರು ಇವೆ. `st-flash erase` ಎಂದು ಹೊಡೆದರೆ ಇಡೀ ಚಿಪ್ಪು ಖಾಲಿ, ಇವೂ ಮಾಯ. ಫರ್ಮ್‌ವೇರನ್ನು ಮತ್ತೆ ತುಂಬಬಹುದು, ಅಳತೆಯ ತಿದ್ದುಪಡಿಯನ್ನು ಮೀಟರು ಹಿಡಿದು ಹೊಸದಾಗಿಯೇ ಮಾಡಬೇಕು.

ನಲವತ್ತೊಂಬತ್ತು ದಿನದ ಕಾಯಿಲೆ

ಟಿಪ್ಪಣಿಯ ಎರಡನೆಯ ಭಾಗ ಗೊತ್ತಿರುವ ದೋಷಗಳದು. ಇಲ್ಲಿ ‘ಕೆಲವೊಮ್ಮೆ ಮೋಟಾರು ತಾನೇ ಆನ್ ಆಗುತ್ತದೆ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಏನಾಗುತ್ತದೆ, ಯಾವ ಪರಿಸ್ಥಿತಿಯಲ್ಲಿ, ಯಾಕೆ, ಯಾವ ಆವೃತ್ತಿಯವರೆಗೆ, ಸದ್ಯಕ್ಕೆ ಏನು ಮಾಡಬೇಕು: ಈ ಐದಕ್ಕೂ ಉತ್ತರ ಇರಬೇಕು. ಒಂದು ದೋಷವನ್ನು ಹಿಡಿದು ನೋಡೋಣ.

ಸಬ್‌ಮರ್ಸಿಬಲ್ ಮೋಟಾರು ನೀರಿಲ್ಲದೆ ಓಡಬಾರದು. ಅದನ್ನು ತಂಪಾಗಿಡುವುದೂ ಬೇರಿಂಗಿಗೆ ಎಣ್ಣೆಯ ಕೆಲಸ ಮಾಡುವುದೂ ನೀರೇ. ಬೋರಿನಲ್ಲಿ ನೀರು ಇಳಿದಾಗ ಮೋಟಾರಿನ ಮೇಲೆ ಹೊರೆ ಕಡಿಮೆಯಾಗಿ ಅದು ಎಳೆಯುವ ಕರೆಂಟೂ ಕುಸಿಯುತ್ತದೆ. ಪೆಟ್ಟಿಗೆ ಇದನ್ನು ಗಮನಿಸಿ ಮೋಟಾರು ನಿಲ್ಲಿಸುತ್ತದೆ, ನೀರು ಊರಲಿ ಎಂದು ನಾಲ್ಕು ಗಂಟೆ ಕಾಯುತ್ತದೆ. ಹಳೆಯ ಕೋಡು ಹೀಗಿತ್ತು:

```
deadline = stop_time + REST_MS;
if (now > deadline) motor_start();
```

ಓದಿದರೆ ತಪ್ಪೇನೂ ಕಾಣುವುದಿಲ್ಲ. ನಿಂತ ಹೊತ್ತಿಗೆ ನಾಲ್ಕು ಗಂಟೆ ಕೂಡಿಸು, ಆ ಹೊತ್ತು ದಾಟಿದರೆ ಮೋಟಾರು ಹಾಕು. ಆದರೆ ಚಿಪ್ಪು ಹೊತ್ತನ್ನು ಎಣಿಸುವುದು ಮಿಲಿಸೆಕೆಂಡಿನಲ್ಲಿ, 32 ಬಿಟ್ಟಿನ ಒಂದು ಲೆಕ್ಕದಲ್ಲಿ. ಆ ಲೆಕ್ಕದ ಗರಿಷ್ಠ 429 ಕೋಟಿ ಚಿಲ್ಲರೆ. ಚಿಪ್ಪು ಚಾಲೂ ಆದ ಸುಮಾರು 49.7 ದಿನಕ್ಕೆ ಅದು ತುಂಬಿ, ಹಳೆಯ ಬೈಕಿನ ಕಿಲೋಮೀಟರ್ ಮೀಟರಿನಂತೆ ಮತ್ತೆ ಸೊನ್ನೆಗೆ ಬರುತ್ತದೆ.

ಸುಲಭಕ್ಕೆ, ಮೀಟರಿನಲ್ಲಿ ಎರಡೇ ಅಂಕೆ ಇದೆ ಎಂದುಕೊಳ್ಳಿ; 99 ಆದ ಮೇಲೆ 00. ಮೋಟಾರು ನಿಂತಾಗ ಮೀಟರು 95, ಕಾಯಬೇಕಾದದ್ದು 10. ಕೂಡಿಸಿದರೆ 105, ಮೀಟರಿನಲ್ಲಿ ಉಳಿಯುವುದು 05. ಈಗಿನ ಹೊತ್ತು 95, ಅದು 05ಕ್ಕಿಂತ ದೊಡ್ಡದು. ‘ಹೊತ್ತು ದಾಟಿದೆ’ ಎಂದುಕೊಂಡು ಪೆಟ್ಟಿಗೆ ಆ ಕ್ಷಣವೇ ಮೋಟಾರು ಹಾಕುತ್ತದೆ. ನೀರಿಲ್ಲ, ಕೆಲವು ಸೆಕೆಂಡಿನಲ್ಲಿ ನಿಲ್ಲಿಸುತ್ತದೆ, ಮತ್ತೆ ಹಾಕುತ್ತದೆ. ಪ್ರತಿ ಸಲ ಶುರುವಾಗುವಾಗಲೂ ಮೋಟಾರು ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆದು ಬಿಸಿಯಾಗುತ್ತದೆ. ಮೀಟರು ಸೊನ್ನೆಗೆ ಬರುವವರೆಗೂ ಇದೇ ಕಥೆ, ಅಷ್ಟರೊಳಗೆ ವೈಂಡಿಂಗ್ ಸುಟ್ಟಿರಬಹುದು.

ಮರುದಿನ ಮೆಕ್ಯಾನಿಕ್ ಬಂದು ನೋಡುವಾಗ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ, ಏಕೆಂದರೆ ಮೀಟರು ಆಗಲೇ ಸೊನ್ನೆ ದಾಟಿರುತ್ತದೆ. 49.7 ದಿನವೆಂದರೆ ಸುಮಾರು 1,193 ಗಂಟೆ. ಅದರಲ್ಲಿ ಕೊನೆಯ ನಾಲ್ಕು ಗಂಟೆಯೊಳಗೆ ಬೋರು ಬತ್ತಿದರಷ್ಟೇ ತೊಂದರೆ, ಅಂದರೆ ಸರಿಸುಮಾರು ಮುನ್ನೂರರಲ್ಲಿ ಒಂದು ಸಲ. ಒಂದು ತೋಟದ ಮಟ್ಟಿಗೆ ಅಪರೂಪ. ಆದರೆ ನೂರಾರು ಪೆಟ್ಟಿಗೆ ಮಾರಿದವರಿಗೆ, ದಿನಕ್ಕೆ ಎರಡು ಮೂರು ಸಲ ಬೋರು ಬತ್ತುವ ಬೇಸಿಗೆಯಲ್ಲಿ, ಎಲ್ಲೋ ಒಂದು ಕಡೆ ಆಗಿಯೇ ಆಗುತ್ತದೆ. ಆಫೀಸಿನ ಮೇಜಿನ ಮೇಲೆ ಮಾತ್ರ ಎಂದೂ ಆಗುವುದಿಲ್ಲ. ಸಂಜೆ ಮನೆಗೆ ಹೋಗುವಾಗ ಎಂಜಿನಿಯರ್ ಸ್ವಿಚ್ ಆರಿಸುತ್ತಾರೆ, ಲೆಕ್ಕ ದಿನವೂ ಸೊನ್ನೆಯಿಂದ ಶುರು. ತೋಟದ ಪೆಟ್ಟಿಗೆಗೆ ಬ್ಯಾಟರಿ ಇರುವುದರಿಂದ ಕರೆಂಟು ಹೋದರೂ ಎಣಿಕೆ ನಿಲ್ಲುವುದಿಲ್ಲ.

ದೊಡ್ಡವರೂ ಈ ಜಾತಿಯ ದೋಷದಿಂದ ತಪ್ಪಿಸಿಕೊಂಡಿಲ್ಲ. ವಿಂಡೋಸ್ 95 ಇದೇ 49.7 ದಿನಕ್ಕೆ ಸ್ತಬ್ಧವಾಗುತ್ತಿತ್ತು. ಬೋಯಿಂಗ್ 787 ವಿಮಾನದ ಜನರೇಟರ್ ನಿಯಂತ್ರಕಗಳು ಸತತ 248 ದಿನ ಚಾಲೂ ಇದ್ದರೆ ಅವುಗಳೊಳಗಿನ ಎಣಿಕೆ ತುಂಬಿ ವಿದ್ಯುತ್ತೇ ನಿಲ್ಲಬಹುದೆಂದು ಅಮೆರಿಕದ ವಿಮಾನಯಾನ ನಿಯಂತ್ರಕರು 2015ರಲ್ಲಿ ಆದೇಶ ಹೊರಡಿಸಿ ಎಚ್ಚರಿಸಿದ್ದರು.

ಪರಿಹಾರ ಒಂದೇ ಸಾಲಿನದು:

```
if (now - stop_time >= REST_MS) motor_start();
```

ಮುಂದೆ ಬರುವ ಹೊತ್ತನ್ನು ಕೂಡಿಸಿಡದೆ, ಕಳೆದ ಹೊತ್ತನ್ನು ಕಳೆದು ನೋಡುವುದು. ಎರಡಂಕೆಯ ಮೀಟರಿನಲ್ಲಿ 05ರಿಂದ 95 ಕಳೆದರೆ, ಸುತ್ತು ಬಂದು ಸಿಗುವುದು ಸರಿಯಾಗಿ 10. ಈ ತಿದ್ದುಪಡಿ 2.4ರಲ್ಲಿದೆ ಎಂದಿಟ್ಟುಕೊಳ್ಳಿ. 2.3 ಮತ್ತು ಅದಕ್ಕಿಂತ ಹಳೆಯವು ಇನ್ನೂ ತೋಟಗಳಲ್ಲಿವೆ, ಅವಕ್ಕೆ ಫೋನಿನಿಂದ ಫರ್ಮ್‌ವೇರ್ ಕಳಿಸಲಾಗದು, ಹೋಗಿಯೇ ತುಂಬಬೇಕು. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಬ್ಯಾಟರಿ ಸಮೇತ ಆರಿಸಿ ಹಾಕಿದರೆ ಎಣಿಕೆ ಹೊಸದಾಗಿ ಶುರುವಾಗಿ ಅಪಾಯ ಮುಂದೆ ಹೋಗುತ್ತದೆ. ಇಷ್ಟೂ ಟಿಪ್ಪಣಿಯಲ್ಲಿರಬೇಕು.

ಕಾರಣ ಖಚಿತವಾಗದ ದೋಷವನ್ನೂ ಬರೆಯಬೇಕು, ಖಚಿತವಾಗಿಲ್ಲ ಎಂದೇ ಬರೆಯಬೇಕು. ‘ಸಿಗ್ನಲ್ ಕಡಿಮೆ ಇರುವ ಕಡೆ ಪೆಟ್ಟಿಗೆ ತಾನಾಗಿ ರೀಸೆಟ್ ಆಗುತ್ತದೆ. ದೂರದ ಟವರಿಗೆ ಕೇಳಿಸಲು ಜಿಎಸ್‌ಎಂ ಮಾಡ್ಯೂಲು ಕ್ಷಣಕಾಲ ಸುಮಾರು 2 ಆಂಪಿಯರ್ ಎಳೆಯುತ್ತದೆ, ಆಗ ವೋಲ್ಟೇಜ್ ಕುಸಿಯುತ್ತಿರಬಹುದು. ಅಳೆದು ನೋಡಿಲ್ಲ.’ ಕೊನೆಯ ಎರಡು ಪದ ಇಲ್ಲದಿದ್ದರೆ ಓದಿದವರು ಊಹೆಯನ್ನೇ ಸತ್ಯವೆಂದುಕೊಂಡು ಮುಂದುವರಿಯುತ್ತಾರೆ.

ಬೋರಿಲ್ಲದೆ ಬೋರು ಬತ್ತಿಸುವುದು

ಮೂರನೆಯ ಭಾಗ ಪರೀಕ್ಷೆಯ ಏರ್ಪಾಡು. ಆಫೀಸಿನಲ್ಲಿ ಬೋರಿಲ್ಲ, ಐದು ಎಚ್‌ಪಿ ಮೋಟಾರೂ ಇಲ್ಲ. ಇರುವುದು ನೂರು ವ್ಯಾಟಿನ ಎರಡು ಹಳೆಯ ಕಾಲದ ತಂತಿ ಬಲ್ಬು. ಎರಡೂ ಉರಿದರೆ 230 ವೋಲ್ಟಿನಲ್ಲಿ ಹರಿಯುವುದು ಸುಮಾರು 0.87 ಆಂಪಿಯರ್. ಕರೆಂಟು ಅಳೆಯುವ ಬಳೆಯಾಕಾರದ ಸಿ.ಟಿ.ಯೊಳಗೆ ಅದೇ ತಂತಿಯನ್ನು ಹತ್ತು ಸುತ್ತು ಹಾಯಿಸಿದರೆ ಪೆಟ್ಟಿಗೆಗೆ ಅದು ಹತ್ತು ಪಟ್ಟು, ಅಂದರೆ 8.7 ಆಂಪಿಯರ್ ಎಂದು ಕಾಣುತ್ತದೆ. ನಿಜವಾದ ಮೋಟಾರು ಓಡುತ್ತಿದೆ ಎಂದೇ ಅದು ನಂಬುತ್ತದೆ. ಒಂದು ಬಲ್ಬು ಆರಿಸಿ, ಕರೆಂಟು ಅರ್ಧಕ್ಕಿಳಿದು ‘ಬೋರು ಬತ್ತಿತು’. ಫೇಸ್ ಹೋದದ್ದನ್ನು ನೋಡಲು ಒಂದು ಫ್ಯೂಸ್ ಕಿತ್ತರಾಯಿತು. ಸುತ್ತು ಎಷ್ಟೆಂದು ಬರೆಯದಿದ್ದರೆ ಮಾತ್ರ, ಯಾರೋ ಮೇಜು ಒರೆಸುವಾಗ ತಂತಿ ಬಿಚ್ಚಿ ಎಂಟೇ ಸುತ್ತು ಹಾಕಿ, ಪೆಟ್ಟಿಗೆಯ ಅಳತೆಯೇ ತಪ್ಪು ಎಂದು ತೀರ್ಮಾನಿಸುತ್ತಾರೆ.

49.7 ದಿನ ಕಾಯದೆ ಆ ಕಾಯಿಲೆಯನ್ನು ಬರಿಸುವ ದಾರಿಯೂ ಇದೆ. ಪರೀಕ್ಷೆಯ ಬಿಲ್ಡಿನಲ್ಲಿ ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡದೆ ತುದಿಯ ಹತ್ತಿರದಿಂದ ಶುರು ಮಾಡುವುದು:

```
uwTick = 0xFFFF0000u;
```

ಇಲ್ಲಿಂದ ಮೀಟರು ಸೊನ್ನೆಗೆ ಬರಲು ಉಳಿದಿರುವುದು 65 ಸೆಕೆಂಡು ಚಿಲ್ಲರೆ. ಅಷ್ಟರೊಳಗೆ ಬಲ್ಬು ಆರಿಸಿದರೆ ಹಳೆಯ ಫರ್ಮ್‌ವೇರ್ ಕಾಂಟ್ಯಾಕ್ಟರನ್ನು ಟಕಟಕ ಎಂದು ಹಾಕಿ ತೆಗೆಯುವುದು ಕಿವಿಗೇ ಕೇಳಿಸುತ್ತದೆ. ಹೊಸದು ಸುಮ್ಮನೆ ಕಾಯುತ್ತದೆ. ಹಳೆಯದರಲ್ಲಿ ದೋಷ ಬಂದು ಹೊಸದರಲ್ಲಿ ಬಾರದಿದ್ದರೆ ಮಾತ್ರ ಪರೀಕ್ಷೆ ಸರಿ. ಎರಡರಲ್ಲೂ ಬಾರದಿದ್ದರೆ ಪರೀಕ್ಷೆಯಲ್ಲೇ ಏನೋ ತಪ್ಪಿದೆ. ಜೊತೆಗೆ ಕೆಂಪು ಶಾಯಿಯಲ್ಲಿ ಬರೆಯಬೇಕಾದ ಒಂದು ಸಾಲು: ಬೋರ್ಡಿಗೆ ಮೇನ್ಸ್ ಕೊಟ್ಟಿರುವಾಗ ಪ್ರತ್ಯೇಕಿಸುವ ಸಾಧನವಿಲ್ಲದೆ ಲ್ಯಾಪ್‌ಟಾಪಿನ ಕೇಬಲ್ ಸಿಕ್ಕಿಸಬೇಡಿ, ಲ್ಯಾಪ್‌ಟಾಪೂ ಹೋಗಬಹುದು, ಜೀವವೂ ಹೋಗಬಹುದು.

ಟಿಪ್ಪಣಿ ಪೂರ್ತಿಯಾಗಿದೆಯೇ ಎಂದು ಬರೆದವರಿಗೆ ತಿಳಿಯುವುದು ಕಷ್ಟ. ಹೊರಡುವ ಮುಂಚೆಯೇ ಹೊಸಬರಿಗೆ ಏನೂ ಹಾಕಿರದ ಲ್ಯಾಪ್‌ಟಾಪ್ ಮತ್ತು ಆ ಟಿಪ್ಪಣಿಯನ್ನಷ್ಟೇ ಕೊಟ್ಟು, ಪಕ್ಕದಲ್ಲಿ ಕೈಕಟ್ಟಿ ಕೂರಬೇಕು. ಬೆರಳಚ್ಚು ತಾಳೆಯಾಗಬೇಕು, ಬಲ್ಬಿನ ಪರೀಕ್ಷೆಯಲ್ಲಿ 2.3 ಸೋತು 2.4 ಗೆಲ್ಲಬೇಕು. ನಡುವೆ ಅವರು ಕೇಳುವ ಒಂದೊಂದು ಪ್ರಶ್ನೆಯೂ ಟಿಪ್ಪಣಿಯಲ್ಲಿ ಬಿಟ್ಟುಹೋದ ಒಂದೊಂದು ಸಾಲು. ಆ ಪ್ರಶ್ನೆಗಳಲ್ಲಿ ‘ಮೇಜಿನ ಪೆಟ್ಟಿಗೆಯ ಸಿಮ್ಮು ಯಾರ ಹೆಸರಿನಲ್ಲಿದೆ’ ಎಂಬುದೂ ಬರಬೇಕು. ಅದು ಹೊರಡುತ್ತಿರುವವರದೇ ಆಗಿದ್ದರೆ, ರೀಚಾರ್ಜ್ ಮುಗಿದ ದಿನ ಇಡೀ ಪರೀಕ್ಷೆಯ ಏರ್ಪಾಡು ಕಾರಣ ಗೊತ್ತಾಗದೆ ನಿಂತುಹೋಗುತ್ತದೆ.